ಬಾಣಂತಿ ಕೋಣೆಯಲ್ಲಿ ಕೆಂಡದ ಶೇಗಡಿ: ಹೊಗೆ ಇಲ್ಲ ಅಂದ್ರೆ ಭಯ ಇಲ್ವಾ?

ಗಿರಿಜಾ, ಧಾರವಾಡ (ಬೆಳಿಗ್ಗೆ 8:05)

ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಮಗುವಿಗೆ ಇನ್ನೂ ತಿಂಗಳು ತುಂಬಿಲ್ಲ. ಈ ವರ್ಷ ಥಂಡಿ ಜಾಸ್ತಿ ಅಂತ ನಮ್ಮವ್ವ ರಾತ್ರಿ ಹೊತ್ತು ಹೊರಸಿನ ಕೆಳಗೆ ಇದ್ದಿಲಿನ ಶೇಗಡಿ ಇಡಿಸುತ್ತಿದ್ದಾಳೆ. ಇದ್ದಿಲನ್ನು ಹಿತ್ತಲಲ್ಲೇ ಹೊತ್ತಿಸುತ್ತೇವೆ. ಹೊಗೆ ಪೂರ್ತಿ ಹೋಗಿ ಕೆಂಪಗಾದ ಮೇಲೆ, ರಾತ್ರಿ ಒಂಬತ್ತೂವರೆಗೆ ಒಳಗೆ ತರುತ್ತೇವೆ. ಕೋಣೆ ಹತ್ತು ಅಡಿಗೆ ಹತ್ತು ಅಡಿ, ಸ್ಲ್ಯಾಬ್ ಮನೆ. ಮಗುವಿಗೆ ಗಾಳಿ ತಾಗಬಾರದು ಅಂತ ಸ್ಲೈಡಿಂಗ್ ಕಿಟಕಿ, ಬಾಗಿಲು ಎರಡೂ ಹಾಕಿರುತ್ತೆ.

ಶೇಗಡಿ ಇಡಲು ಶುರು ಮಾಡಿದಾಗಿನಿಂದ ಮಗಳಿಗೆ ಬೆಳಿಗ್ಗೆ ವಿಪರೀತ ತಲೆನೋವು, ಓಕರಿಕೆ. ಜೊತೆಗೆ ಮಲಗುವ ಅವ್ವನಿಗೂ ತಲೆ ಭಾರ. ಮಗು ಬೆಳಿಗ್ಗೆ ಸರಿಯಾಗಿ ಹಾಲು ಚೀಪುವುದಿಲ್ಲ, ಮಂಕಾಗಿರುತ್ತೆ. ಮಧ್ಯಾಹ್ನದ ಹೊತ್ತಿಗೆ ಮೂವರೂ ಸರಿ. ಓಣಿಯ ದವಾಖಾನೆಯಲ್ಲಿ ಬೆರಳಿಗೆ ಕ್ಲಿಪ್ ಹಾಕಿ ನೋಡಿ ಆಕ್ಸಿಜನ್ 98 ಇದೆ, ಪಿತ್ತ ಆಗಿರಬೇಕು ಅಂದರು. ಇವತ್ತು ಆರೂವರೆಗೆ ಬಾಗಿಲು ತೆಗೆದಾಗ ಮಗಳು ಎದ್ದು ನಿಲ್ಲಲು ಹೋಗಿ ಕುಸಿದು ಕೂತಳು. ಇದಕ್ಕೆ ಕೆಂಡ ಕಾರಣ ಇರಬಹುದಾ? ಹೊಗೆ ಅಂತೂ ಸ್ವಲ್ಪವೂ ಇರುವುದಿಲ್ಲ.

ಮಾಸ್ತರ್, ಕುಂದಗೋಳ (8:20)

ಕಾರಣ ಸರಳ ಇದೆ ಅಕ್ಕಾರ. ಕೆಂಡ ಉರಿಯಲು ಆಕ್ಸಿಜನ್ ಬೇಕು. ಮುಚ್ಚಿದ ಕೋಣೆಯ ಆಕ್ಸಿಜನ್ ರಾತ್ರಿಯಿಡೀ ಖರ್ಚಾಗಿ ಬೆಳಗಿನ ಜಾವಕ್ಕೆ ಕಡಿಮೆ ಆಗುತ್ತೆ. ಆಗ ಇದ್ದಿಲು ಅರೆಬರೆ ಸುಟ್ಟು ಕಾರ್ಬನ್ ಮೊನಾಕ್ಸೈಡ್ ಬರುತ್ತೆ. ಮೊದಲ ಒಂದೆರಡು ಗಂಟೆ ಏನೂ ಭಯ ಇಲ್ಲ. ಬಾಗಿಲು ನಾಲ್ಕು ಬೆರಳು ತೆರೆದಿಡಿ, ಮೂಲೆಯಲ್ಲಿ ಒಂದು ಬಕೆಟ್ ನೀರು ಇಡಿ. ನೀರು ಗ್ಯಾಸ್ ಎಳೆದುಕೊಳ್ಳುತ್ತೆ.

ರೇಖಾ ಸಿಸ್ಟರ್, ಗದಗ (8:31)

ಗಿರಿಜಕ್ಕ, ಚರ್ಚೆ ಆಮೇಲೆ ಓದಿ. ಮೊದಲು ಮಗಳನ್ನೂ ಮಗುವನ್ನೂ ಕರೆದುಕೊಂಡು ದೊಡ್ಡ ಆಸ್ಪತ್ರೆಗೆ ಹೋಗಿ. "ರಾತ್ರಿ ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಕೆಂಡ ಇತ್ತು" ಅಂತ ನೀವಾಗಿಯೇ ಹೇಳಿ. ಅವರು ಕೇಳಲಿ ಅಂತ ಕಾಯಬೇಡಿ. ರಕ್ತದಲ್ಲಿ ಕಾರ್ಬಾಕ್ಸಿ ಹಿಮೋಗ್ಲೋಬಿನ್, ಅಂದರೆ ಕಾರ್ಬನ್ ಮೊನಾಕ್ಸೈಡ್ ಹಿಡಿದುಕೊಂಡ ಹಿಮೋಗ್ಲೋಬಿನ್, ಎಷ್ಟಿದೆ ಅಂತ ನೋಡಲು ಹೇಳಿ. ಬಾಗಿಲು ತೆಗೆದದ್ದು ಆರೂವರೆಗೆ ಅಂತ ಚೀಟಿಯಲ್ಲಿ ಬರೆದುಕೊಂಡು ಹೋಗಿ, ಆ ಸಮಯ ಬೇಕಾಗುತ್ತೆ.

ಬೆರಳಿನ ಕ್ಲಿಪ್ ತೋರಿಸಿದ 98ನ್ನು ನಂಬಬೇಡಿ. ಆ ಯಂತ್ರ ಬೆಳಕು ಹಾಯಿಸಿ ರಕ್ತ ಎಷ್ಟು ಕೆಂಪಗಿದೆ ಅಂತ ನೋಡುತ್ತೆ. ಕಾರ್ಬನ್ ಮೊನಾಕ್ಸೈಡ್ ಹಿಡಿದ ರಕ್ತವೂ ಆಕ್ಸಿಜನ್ ಇರುವ ರಕ್ತದ ಹಾಗೇ ಕೆಂಪಗಿರುತ್ತೆ. ಯಂತ್ರಕ್ಕೆ ಎರಡರ ನಡುವೆ ಫರಕು ಗೊತ್ತಾಗುವುದಿಲ್ಲ. ರಕ್ತದ ಮೂರನೇ ಒಂದು ಭಾಗ ಕೆಲಸಕ್ಕೆ ಬಾರದ ಹಾಗಾಗಿದ್ದರೂ ಅದು 97, 98 ಅಂತಲೇ ತೋರಿಸಬಹುದು.

ಗಿರಿಜಾ, ಧಾರವಾಡ (8:36)

ಹೊರಟೆವು.

ಮಂಜು, ರಾಣೆಬೆನ್ನೂರು (8:50)

ನಮ್ಮ ಮನೆಯಲ್ಲಿ ಬಚ್ಚಲಿನ ಒಳಗೇ ಗ್ಯಾಸ್ ಗೀಸರ್ ಇದೆ. ಲೀಕ್ ಆದ್ರೆ ವಾಸನೆ ಬರುತ್ತೆ ಅಲ್ವಾ? ಹಾಗಿದ್ರೆ ಅದರಿಂದ ತೊಂದರೆ ಇಲ್ಲ ಅಂದ್ಕೊಂಡಿದ್ದೀನಿ. ಈ ಕೆಂಡದ ವಿಷಯಕ್ಕೂ ಗ್ಯಾಸ್ ಲೀಕಿಗೂ ಏನು ಸಂಬಂಧ?

ಫೌಂಡ್ರಿ ಬಸಣ್ಣ, ಹುಬ್ಬಳ್ಳಿ (9:40)

ಮಾಸ್ತರ್ ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಆದರೆ "ಮೊದಲ ಒಂದೆರಡು ಗಂಟೆ ಭಯ ಇಲ್ಲ" ಅನ್ನೋ ಮಾತು ಯಾರಾದರೂ ನಂಬಿದರೆ ಜೀವಕ್ಕೆ ಕುತ್ತು. ನಾನು ಕೋಕ್ ಉರಿಸಿ ಕಬ್ಬಿಣ ಕರಗಿಸುವ ಕೆಲಸದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವನು. ಈ ಗ್ಯಾಸ್ ನಮಗೆ ದಿನದ ನೆಂಟ.

ಮಾಸ್ತರೇ, ಆಕ್ಸಿಜನ್ ಕೊರತೆ ಆಗೋದು ಕೋಣೆಯಲ್ಲಿ ಅಲ್ಲ, ಶೇಗಡಿಯ ಒಳಗೆ. ಇದ್ದಿಲಿನ ರಾಶಿಗೆ ಗಾಳಿ ಕೆಳಗಿನ ಜಾಳಿಗೆಯಿಂದ ಹೋಗುತ್ತೆ. ತಳದ ಕೆಂಡಕ್ಕೆ ಬೇಕಾದಷ್ಟು ಆಕ್ಸಿಜನ್ ಸಿಗುತ್ತೆ, ಅದು ಪೂರ್ತಿ ಸುಟ್ಟು ಕಾರ್ಬನ್ ಡೈಆಕ್ಸೈಡ್ ಆಗುತ್ತೆ. ಅಲ್ಲಿಗೆ ಮುಗಿದಿದ್ರೆ ಚೆನ್ನಾಗಿತ್ತು. ಆ ಡೈಆಕ್ಸೈಡ್ ಮೇಲಕ್ಕೆ ಹೋಗುವಾಗ ಇನ್ನೂ ಕೆಂಪಗೆ ಕಾದ ಇದ್ದಿಲಿನ ನಡುವೆ ನುಸುಳಬೇಕು. ಅಲ್ಲಿ ಆಕ್ಸಿಜನ್ ಮುಗಿದಿರುತ್ತೆ, ಕಾರ್ಬನ್ ಮಾತ್ರ ಬೇಕಾದಷ್ಟಿದೆ. ಸುಮಾರು 700 ಡಿಗ್ರಿ ದಾಟಿದ ಕಾವಿನಲ್ಲಿ ಆ ಕಾರ್ಬನ್ ಡೈಆಕ್ಸೈಡಿನಿಂದ ಒಂದು ಆಕ್ಸಿಜನ್ ಕಿತ್ತುಕೊಳ್ಳುತ್ತೆ. ಒಂದು ಡೈಆಕ್ಸೈಡ್ ಹೋಗಿ ಎರಡು ಮೊನಾಕ್ಸೈಡ್ ಆಗುತ್ತೆ. ನಮ್ಮ ಕುಲುಮೆಯಲ್ಲೂ ಇದೇ ನಡೆಯೋದು, ನಿಮ್ಮ ಶೇಗಡಿಯಲ್ಲೂ ಇದೇ. ಬಯಲಲ್ಲಿ ಇಟ್ಟರೂ ರಾಶಿಯ ಒಳಗೆ ಇದು ನಿಲ್ಲೋದಿಲ್ಲ.

ಕಣ್ಣಿಗೆ ಕಾಣುವ ಗುರುತೂ ಇದೆ. ಹೊಸದಾಗಿ ಕೆಂಪಾದ ಕೆಂಡದ ಮೇಲೆ ತೆಳ್ಳಗೆ ನೀಲಿ ಜ್ವಾಲೆ ಆಡುತ್ತೆ, ನೋಡಿರಬಹುದು. ಅದು ಮೊನಾಕ್ಸೈಡೇ. ಮೇಲೆ ಬಂದು ಹೊರಗಿನ ಗಾಳಿ ಸಿಕ್ಕಿದ ತಕ್ಷಣ ಅಲ್ಲೇ ಉರಿದು ಹೋಗ್ತಾ ಇರುತ್ತೆ. ಆ ಜ್ವಾಲೆ ಇರುವಷ್ಟು ಹೊತ್ತು ಸ್ವಲ್ಪ ಪಾಲು ಸುಟ್ಟು ಹೋಗುತ್ತೆ. ಆಮೇಲೆ ಕೆಂಡದ ಮೇಲೆ ಬೂದಿ ಕೂರುತ್ತೆ, ಮೇಲ್ಭಾಗ ತಣ್ಣಗಾಗುತ್ತೆ, ನೀಲಿ ಜ್ವಾಲೆ ಆರುತ್ತೆ. ಒಳಗೆ ಮಾತ್ರ ಕೆಂಪಗೇ ಇರುತ್ತೆ. ಆಗ ಹುಟ್ಟಿದ ಗ್ಯಾಸ್ ಸುಡದೇ ನೇರ ಕೋಣೆಗೆ ಬರುತ್ತೆ. ಬಾಣಂತಿಗೆ ಹಿತವಾದ ಶಾಖ ಅಂತ ನಾವು ಬೂದಿ ಮುಚ್ಚಿ ಒಳಗೆ ತರುತ್ತೇವಲ್ಲ, ಅದು ಸರಿಯಾಗಿ ಕೆಟ್ಟ ಹೊತ್ತು.

ಹೊಗೆ ಅಂದರೆ ಇದ್ದಿಲಿನಲ್ಲಿ ಉಳಿದ ಕಟ್ಟಿಗೆಯ ಡಾಂಬರು, ಮಸಿ. ಅದು ಕಣ್ಣು ಉರಿಸುತ್ತೆ, ಕೆಮ್ಮು ಬರಿಸುತ್ತೆ, ಹಾಗಾಗಿ ನಾವು ಎದ್ದು ಓಡುತ್ತೇವೆ. ಹಿತ್ತಲಲ್ಲಿ ಆ ಹೊಗೆಯನ್ನು ಕಳೆದು ತಂದಾಗ ಎಚ್ಚರಿಸುವ ಭಾಗ ಹೋಯಿತು, ವಿಷದ ಭಾಗ ಉಳಿಯಿತು.

ಬಕೆಟ್ ನೀರಿನ ಮಾತು ಬಿಡಿ. ಮೊನಾಕ್ಸೈಡ್ ನೀರಲ್ಲಿ ಕರಗೋದು ಇಲ್ಲ ಅನ್ನುವಷ್ಟು ಕಡಿಮೆ.

ಮಂಜು, ನಿಮ್ಮ ಪ್ರಶ್ನೆಗೆ ಸಂಬಂಧ ಇದೆ. ಲೀಕಾದ ಎಲ್‌ಪಿಜಿಗೆ ವಾಸನೆ ಬರೋದು ಕಂಪನಿಯವರು ಬೇಕಂತಲೇ ವಾಸನೆಯ ಪದಾರ್ಥ ಸೇರಿಸಿರುವುದರಿಂದ. ಗೀಸರಿನಲ್ಲಿ ಉರಿಯುವಾಗ ಆ ಪದಾರ್ಥವೂ ಸುಟ್ಟು ಹೋಗುತ್ತೆ. ಬರ್ನರಿಗೆ ಗಾಳಿ ಸಾಲದೇ ಬಂದ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಸಣ್ಣ ಬಚ್ಚಲಿನ ಒಳಗೆ ಗೀಸರ್ ಇದ್ದರೆ ಅಲ್ಲಿ ಮಾಸ್ತರ್ ಹೇಳಿದ ಲೆಕ್ಕ ಸರಿ ಹೋಗುತ್ತೆ: ಕೋಣೆಯ ಆಕ್ಸಿಜನ್ ಇಳಿದಂತೆಲ್ಲ ಉರಿ ಕೆಡುತ್ತೆ. ಗೀಸರನ್ನು ಹೊರಗಿನ ಗೋಡೆಗೆ ಹಾಕಿಸಿ, ಪೈಪ್ ಮಾತ್ರ ಒಳಗೆ ಬರಲಿ.

ಮಾಸ್ತರ್, ಕುಂದಗೋಳ (10:15)

ನೀಲಿ ಜ್ವಾಲೆಯ ವಿಷಯ ಒಪ್ಪಿದೆ. ಆದರೂ ಕೋಣೆಯ ಆಕ್ಸಿಜನ್ ಕಡಿಮೆ ಆಗೋದೇ ಇಲ್ಲ ಅಂತೀರಾ? ತಲೆನೋವು ಅದರಿಂದಲೂ ಬರಬಹುದಲ್ಲ. ಲೆಕ್ಕ ತೋರಿಸಿ ನೋಡೋಣ.

ಫೌಂಡ್ರಿ ಬಸಣ್ಣ, ಹುಬ್ಬಳ್ಳಿ (10:55)

ತೋರಿಸ್ತೀನಿ. ಕೋಣೆ 10 ಅಡಿ ಉದ್ದ, 10 ಅಗಲ, 10 ಎತ್ತರ ಅಂತ ಇಟ್ಟುಕೊಳ್ಳಿ. ಅಂದರೆ ಸುಮಾರು 28,000 ಲೀಟರ್ ಗಾಳಿ. ಅದರಲ್ಲಿ ಆಕ್ಸಿಜನ್ 6,000 ಲೀಟರಿಗೆ ಸ್ವಲ್ಪ ಕಡಿಮೆ. ಅರ್ಧ ಕಿಲೋ ಇದ್ದಿಲು ಪೂರ್ತಿ ಉರಿಯಲು ಹೆಚ್ಚೆಂದರೆ ಒಂದು ಸಾವಿರ ಲೀಟರ್ ಆಕ್ಸಿಜನ್ ಬೇಕು. ಹೊರಗಿನ ಗಾಳಿ ಒಂದು ಹನಿಯೂ ಬರಲಿಲ್ಲ ಅಂದುಕೊಂಡರೂ 21 ಶೇಕಡಾ ಇದ್ದದ್ದು 17ರ ಮೇಲೇ ನಿಲ್ಲುತ್ತೆ. ಊಟಿಯ ಎತ್ತರದಲ್ಲಿ ನಮ್ಮ ಉಸಿರಿಗೆ ಸಿಗೋದು ಇದಕ್ಕಿಂತಲೂ ಕಡಿಮೆ. ಅಲ್ಲಿ ಜನ ಆರಾಮಾಗಿ ನಿದ್ದೆ ಮಾಡ್ತಾರೆ.

ಈಗ ಮೊನಾಕ್ಸೈಡ್ ನೋಡಿ. ಒಂದು ಕಿಲೋ ಇದ್ದಿಲು ಉರಿದರೆ ಸುಮಾರು 200 ಗ್ರಾಂ ಬರುತ್ತೆ ಅಂತ ಹಿಡಿಯಿರಿ. ಒಲೆ, ಇದ್ದಿಲು ನೋಡಿ ಹೆಚ್ಚು ಕಡಿಮೆ ಆಗುತ್ತೆ. ಅರ್ಧ ಕಿಲೋಗೆ 100 ಗ್ರಾಂ, ಅಂದರೆ 85 ಲೀಟರಿಗಿಂತ ಸ್ವಲ್ಪ ಜಾಸ್ತಿ. 28,000 ಲೀಟರಲ್ಲಿ ಅದು ಹತ್ತಿರ ಹತ್ತಿರ 3,000 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ 3,000 ಪಾಲು. ಕಿಟಕಿ ಸಂದಿಯಿಂದ ಸ್ವಲ್ಪ ಹೊರಗೆ ಹೋಯಿತು ಅಂತ ಮೂರರಲ್ಲಿ ಎರಡು ಪಾಲು ಬಿಟ್ಟುಬಿಡಿ. 1,000 ಉಳಿಯಿತು. ಅಂದರೆ ಬರೀ 0.1 ಶೇಕಡಾ.

ಇಷ್ಟೇ ತಾನೇ ಅನಿಸುತ್ತೆ. ಆದರೆ ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಆಕ್ಸಿಜನ್‌ಗಿಂತ ಈ ಗ್ಯಾಸಿನ ಮೇಲೆ ಇನ್ನೂರು ಪಟ್ಟಿಗೂ ಹೆಚ್ಚು ಸೆಳೆತ. ಗಾಳಿಯಲ್ಲಿ ಆಕ್ಸಿಜನ್ 21, ಮೊನಾಕ್ಸೈಡ್ 0.1. ಅಂದರೆ ಆಕ್ಸಿಜನ್ 210 ಪಟ್ಟು ಜಾಸ್ತಿ ಇದೆ, ಆದರೆ ಸೆಳೆತ ಅಷ್ಟೇ ಪಟ್ಟು ಕಡಿಮೆ. ಪಾಲು ಸಮ ಆಯಿತು. ಆ ಗಾಳಿಯಲ್ಲಿ ನಾಲ್ಕೈದು ಗಂಟೆ ಮಲಗಿದರೆ ರಕ್ತದ ಅರ್ಧ ಭಾಗ ಈ ಗ್ಯಾಸ್ ಹಿಡಿದುಕೊಂಡು ಕೂರುತ್ತೆ. ಅದು ಸಾವಿನ ಮಟ್ಟ. ಈ ಸೆಳೆತದ ಲೆಕ್ಕ ಹಾಕಿದವರಲ್ಲಿ ಸ್ಕಾಟ್ಲೆಂಡಿನ ಜಾನ್ ಸ್ಕಾಟ್ ಹಾಲ್ಡೇನ್ ಮುಖ್ಯ. 1890ರ ದಶಕದಲ್ಲಿ ತಾನೇ ಆ ಗ್ಯಾಸ್ ಉಸಿರಾಡಿ ತನ್ನ ರಕ್ತ ಪರೀಕ್ಷೆ ಮಾಡಿಕೊಂಡ ಮನುಷ್ಯ. ಈ ಗ್ಯಾಸ್ ಇದ್ದರೆ ಮೊದಲೇ ಗೊತ್ತಾಗಲಿ ಅಂತ ಕಲ್ಲಿದ್ದಲು ಗಣಿಗೆ ಪಕ್ಷಿ ಒಯ್ಯುವ ಸಲಹೆಯೂ ಅವನದ್ದೇ.

ಈರಮ್ಮ, ಶಿರಹಟ್ಟಿ (11:30)

ನಮ್ಮ ಕಾಲದಲ್ಲಿ ಎಲ್ಲರಿಗೂ ಕೆಂಡ ಇಟ್ಟೇ ಬಾಣಂತನ ಮಾಡಿದ್ದು. ನನ್ನ ಎಲ್ಲ ಮಕ್ಕಳೂ ಹಾಗೇ ಬೆಳೆದವು. ಯಾರೂ ಸಾಯಲಿಲ್ಲ. ಈಗಿನವರಿಗೆ ಎಲ್ಲದಕ್ಕೂ ಹೆದರಿಕೆ.

ಫೌಂಡ್ರಿ ಬಸಣ್ಣ, ಹುಬ್ಬಳ್ಳಿ (11:45)

ಅಕ್ಕಾರ, ನಿಮ್ಮ ಮನೆ ಮಾಳಿಗೆ ಮನೆಯೋ, ಹೆಂಚಿನ ಮನೆಯೋ? ಮಾಳಿಗೆಯಲ್ಲಿ ಬೆಳಕಿಂಡಿ ಇತ್ತು ಅಲ್ಲೇನ್ರಿ? ಬಿಸಿ ಗಾಳಿ ಮೇಲೇರಿ ಅಲ್ಲಿಂದ ಹೋಗುತ್ತಿತ್ತು, ಬಾಗಿಲಿನ ಕೆಳಗಿಂದ ಹೊಸ ಗಾಳಿ ಬರುತ್ತಿತ್ತು. ಹೆಂಚಿನ ಸಂದಿಯಂತೂ ನೂರು ಕಿಂಡಿಗೆ ಸಮ. ಈಗ ಸ್ಲ್ಯಾಬು, ರಬ್ಬರ್ ಪಟ್ಟಿಯ ಸ್ಲೈಡಿಂಗ್ ಕಿಟಕಿ, ಬಾಗಿಲ ಕೆಳಗೆ ಬಟ್ಟೆ. ಶೇಗಡಿ ಅದೇ, ಕೋಣೆ ಬೇರೆ.

ಈರಮ್ಮ, ಶಿರಹಟ್ಟಿ (11:52)

ಬೆಳಕಿಂಡಿ ಇತ್ತು. ಎರಡು ಇದ್ದವು. ಆದರೂ ಬಾಣಂತಿಗೆ ತಲೆನೋವು ಬರುವುದು ಆಗಲೂ ಇತ್ತು, ಗಾಳಿ ಹೊಕ್ಕಿದೆ ಅಂತ ತಲೆಗೆ ಬಟ್ಟೆ ಕಟ್ಟುತ್ತಿದ್ದೆವು.

ಮಂಜು, ರಾಣೆಬೆನ್ನೂರು (12:10)

ನನಗೆ ಅರ್ಥ ಆಗದ್ದು ಒಂದೇ. ಉಸಿರು ಕಟ್ಟಿದರೆ ಯಾರಿಗಾದರೂ ಎಚ್ಚರ ಆಗಲೇಬೇಕಲ್ವಾ? ಮುಖದ ಮೇಲೆ ಹೊದಿಕೆ ಬಿದ್ದರೂ ಎದ್ದು ಕೂರುತ್ತೇವೆ. ಅಂಥದ್ದರಲ್ಲಿ ಇಡೀ ಮನೆಯವರು ಮಲಗಿದಲ್ಲೇ ಹೇಗೆ ಹೋಗ್ತಾರೆ?

ರೇಖಾ ಸಿಸ್ಟರ್, ಗದಗ (12:40)

ಹೊದಿಕೆ ಬಿದ್ದಾಗ ಎಬ್ಬಿಸೋದು ಮುಖ್ಯವಾಗಿ ಮೈಯಲ್ಲಿ ಸೇರಿಕೊಳ್ಳುವ ಕಾರ್ಬನ್ ಡೈಆಕ್ಸೈಡ್. ಅದು ಜಾಸ್ತಿ ಆದರೆ ಮಿದುಳು ತಡೆಯುವುದಿಲ್ಲ, ಏದುಸಿರು ಬರಿಸುತ್ತೆ. ಇಲ್ಲಿ ಉಸಿರಾಟ ಸರಾಗವಾಗಿ ನಡೆಯುತ್ತಿರುತ್ತೆ, ಡೈಆಕ್ಸೈಡ್ ಹೊರಗೆ ಹೋಗುತ್ತಿರುತ್ತೆ. ಕುತ್ತಿಗೆಯ ರಕ್ತನಾಳದ ಹತ್ತಿರ ಆಕ್ಸಿಜನ್ ನೋಡಿಕೊಳ್ಳುವ ಇನ್ನೊಂದು ಕಾವಲು ಇದೆ. ಆದರೆ ಅದು ರಕ್ತದ ನೀರಿನಲ್ಲಿ ಕರಗಿದ ಆಕ್ಸಿಜನ್ ನೋಡುತ್ತೆ, ಹಿಮೋಗ್ಲೋಬಿನ್ ಎಷ್ಟು ಹೊತ್ತಿದೆ ಅಂತ ನೋಡುವುದಿಲ್ಲ. ಕರಗಿದ್ದು ಸರಿಯಾಗೇ ಇರುತ್ತೆ. ಹಾಗಾಗಿ ಎರಡೂ ಕಡೆಯಿಂದ ಕೂಗು ಬರುವುದಿಲ್ಲ. ನಿದ್ದೆ ಹಾಗೇ ಎಚ್ಚರ ತಪ್ಪುವಿಕೆಗೆ ಜಾರುತ್ತೆ.

ಇನ್ನೊಂದು ತೊಂದರೆ. ಉಳಿದ ಹಿಮೋಗ್ಲೋಬಿನ್ ಹೊತ್ತಿರುವ ಆಕ್ಸಿಜನನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತೆ, ಮಿದುಳಿಗೆ, ಹೃದಯಕ್ಕೆ ಬಿಟ್ಟುಕೊಡುವುದಿಲ್ಲ. ಕೆಲವರಿಗೆ ನಡುರಾತ್ರಿ ತಲೆ ಸಿಡಿದು ಎಚ್ಚರ ಆಗುತ್ತೆ. ಏನೋ ಸರಿ ಇಲ್ಲ ಅಂತ ಗೊತ್ತಾಗುತ್ತೆ, ಆದರೆ ಕಾಲಲ್ಲಿ ಬಲ ಇರುವುದಿಲ್ಲ. ಬಾಗಿಲ ಹತ್ತಿರ ಬಿದ್ದು ಸಿಗುವವರು ಇಂಥವರೇ. ಗಿರಿಜಕ್ಕನ ಮಗಳು ಕುಸಿದಳು ಅಂದಾಗ ನನಗೆ ಗಾಬರಿ ಆಗಿದ್ದು ಅದಕ್ಕೇ.

ಹೊರಸಿನ ಮೇಲಿದ್ದರೆ ಪರವಾಗಿಲ್ಲ, ನೆಲದಲ್ಲಿದ್ದವರಿಗೆ ಮಾತ್ರ ಅಪಾಯ ಅಂತಲೂ ಕೆಲವರು ಹೇಳ್ತಾರೆ. ಈ ಗ್ಯಾಸಿನ ತೂಕ ಗಾಳಿಯ ತೂಕದಷ್ಟೇ, ಒಂದು ಕೂದಲು ಹಗುರ. ಕೋಣೆ ತುಂಬ ಬೆರೆಯುತ್ತೆ.

ಗಿರಿಜಾ, ಧಾರವಾಡ (ಮಧ್ಯಾಹ್ನ 3:20)

ಬಂದೆವು. ಬಸಣ್ಣನವರೇ, ಸಿಸ್ಟರ್, ನಿಮ್ಮಿಬ್ಬರ ಮಾತು ದಾರಿಯಲ್ಲೇ ಓದಿದೆ. ಮಗಳ ರಕ್ತ ತೆಗೆದದ್ದು ಹನ್ನೊಂದು ಗಂಟೆಗೆ. ಕಾರ್ಬಾಕ್ಸಿ ಹಿಮೋಗ್ಲೋಬಿನ್ 6 ಶೇಕಡಾ ಅಂತ ಬಂತು. ಅಲ್ಲಿಯ ತರುಣ ಡಾಕ್ಟರ್ ಒಬ್ಬರು ಇದು ಅಂಥ ಜಾಸ್ತಿ ಏನಲ್ಲ ಅಂದರು. ಹಿರಿಯ ಡಾಕ್ಟರ್ ಬಂದು ಆರೂವರೆಯ ಚೀಟಿ ನೋಡಿ, ತಾಯಿಗೂ ಮಗುವಿಗೂ ಆಕ್ಸಿಜನ್ ಹಚ್ಚಿಸಿದರು. ಮಗುವನ್ನು ಒಂದು ರಾತ್ರಿ ಇಟ್ಟುಕೊಳ್ಳುತ್ತಾರಂತೆ. 6 ಅಂದರೆ ಕಡಿಮೆಯೋ ಹೆಚ್ಚೋ?

ರೇಖಾ ಸಿಸ್ಟರ್, ಗದಗ (3:45)

ಬೀಡಿ ಸಿಗರೇಟ್ ಸೇದದವರಿಗೆ ಎರಡು ಮೂರರ ಒಳಗೆ ಇರಬೇಕು. ಹಾಗಾಗಿ 6 ಸಹಜ ಅಲ್ಲ. ಅದಕ್ಕಿಂತ ಮುಖ್ಯ ಸಮಯ. ಸುಮ್ನೆ ಹೊರಗಿನ ಗಾಳಿಯಲ್ಲಿ ಉಸಿರಾಡುತ್ತಿದ್ದರೆ ಈ ಅಂಕಿ ನಾಲ್ಕೈದು ಗಂಟೆಗೆ ಅರ್ಧ ಆಗುತ್ತೆ. ನೀವು ಆರೂವರೆಗೆ ಹೊರಗೆ ತಂದಿರಿ, ಹನ್ನೊಂದಕ್ಕೆ ರಕ್ತ ತೆಗೆದರು. ನಾಲ್ಕೂವರೆ ಗಂಟೆ. ಅಂದರೆ ಆರೂವರೆಗೆ 12ರ ಆಸುಪಾಸು ಇತ್ತು. ತಲೆನೋವು, ಓಕರಿಕೆಗೆ ಅಷ್ಟು ಸಾಕು.

ಮಾಸ್ಕಿನಿಂದ ಪೂರ್ತಿ ಆಕ್ಸಿಜನ್ ಕೊಟ್ಟರೆ ಅರ್ಧ ಆಗಲು ಒಂದರಿಂದ ಒಂದೂವರೆ ಗಂಟೆ ಸಾಕು. ಅದಕ್ಕೇ ಹಚ್ಚಿದ್ದು. ಮಗು ತನ್ನ ತೂಕಕ್ಕೆ ದೊಡ್ಡವರಿಗಿಂತ ಜಾಸ್ತಿ ಗಾಳಿ ಎಳೆದುಕೊಳ್ಳುತ್ತೆ, ಬಾಯಿಬಿಟ್ಟು ತಲೆನೋವು ಅಂತ ಹೇಳಲಾರದು. ಇಟ್ಟುಕೊಂಡದ್ದು ಒಳ್ಳೆಯದಾಯಿತು.

ಫೌಂಡ್ರಿ ಬಸಣ್ಣ, ಹುಬ್ಬಳ್ಳಿ (4:10)

ನನ್ನ 1,000 ಪಿಪಿಎಂ ಲೆಕ್ಕಕ್ಕೆ ಇದು ಹೊಂದುವುದಿಲ್ಲ ಅಂತ ಮಾಸ್ತರ್ ಕೇಳುವ ಮೊದಲೇ ಹೇಳ್ತೀನಿ. ಗಿರಿಜಕ್ಕನ ಶೇಗಡಿಯಲ್ಲಿ ಎಷ್ಟು ಇದ್ದಿಲಿತ್ತು ಅಂತ ನಾವು ತೂಗಿಲ್ಲ. ಒಂಬತ್ತೂವರೆಗೆ ತಂದ ಕೆಂಡ ನಡುರಾತ್ರಿ ದಾಟಿದ ಮೇಲೆ ನಂದಿರುತ್ತೆ. ಅಲ್ಲಿಂದ ಬೆಳಗಿನವರೆಗೆ ಸಂದಿಗಳಿಂದ ಗ್ಯಾಸ್ ಹೋಗುತ್ತಾ, ರಕ್ತದಿಂದಲೂ ಇಳಿಯುತ್ತಾ ಬಂದಿರುತ್ತೆ. 12 ಅನ್ನೋದು ಆರೂವರೆಯ ಮಾತು. ಒಂದು ಗಂಟೆಯ ಹೊತ್ತಿಗೆ ಎಷ್ಟಿತ್ತು ಅಂತ ಈಗ ಯಾರೂ ಹೇಳಲಾರರು. ಖಂಡಿತ ಜಾಸ್ತಿ ಇತ್ತು. ಥಂಡಿ ಅಂತ ಇನ್ನೆರಡು ಹಿಡಿ ಇದ್ದಿಲು ಹಾಕಿದ್ದರೆ ಕಥೆ ಬೇರೆ.

ಮಾಸ್ತರ್, ಕುಂದಗೋಳ (4:30)

ಸರಿ. ಹಾಗಾದರೆ ಕಿಟಕಿ ಎಷ್ಟು ತೆರೆದರೆ ಸಾಕು ಅಂತ ಹೇಳಿ. ಥಂಡಿಯಲ್ಲಿ ಬಾಣಂತಿಗೆ ಶಾಖ ಬೇಡವೇ ಬೇಡ ಅಂತ ಹೇಳಿದರೆ ಹಳ್ಳಿಯಲ್ಲಿ ಯಾರೂ ಕೇಳುವುದಿಲ್ಲ. ನಾಲ್ಕು ಬೆರಳು, ಒಂದು ಗೇಣು, ಏನಾದರೂ ಒಂದು ಅಳತೆ ಕೊಡಿ.

ಫೌಂಡ್ರಿ ಬಸಣ್ಣ, ಹುಬ್ಬಳ್ಳಿ (4:52)

ಕೊಡೋದಿಲ್ಲ. ಗಾಳಿ ಬೀಸುವ ದಿನ ನಾಲ್ಕು ಬೆರಳು ಸಾಕಾದೀತು, ಗಾಳಿ ನಿಂತ ರಾತ್ರಿ ಒಂದು ಗೇಣೂ ಸಾಲದು. ಒಂದೇ ಕಿಟಕಿ ತೆರೆದರೆ ಗಾಳಿ ಆಡುವುದಿಲ್ಲ, ಎದುರು ಬದುರು ಎರಡು ಬೇಕು. ಮಲಗುವ ಮುಂಚೆ ಎಲ್ಲರೂ ಎಚ್ಚರ ಇರುವಾಗ, ಬಾಗಿಲು ಕಿಟಕಿ ತೆರೆದು ಕಾಯಿಸಿಕೊಂಡು, ಆಮೇಲೆ ಶೇಗಡಿಯನ್ನು ಅಂಗಳಕ್ಕೆ ಒಯ್ಯುವುದು ನಾನು ಒಪ್ಪುವ ಕೊನೆಯ ಮಿತಿ. ಪಡಸಾಲೆಗೆ ಅಲ್ಲ, ಅಂಗಳಕ್ಕೆ. ಗೋಡೆ, ಹಾಸಿಗೆ ಕಾದಿರುತ್ತೆ, ಹೊದಿಕೆ ಹೊದ್ದರೆ ಆಯಿತು.

ರೇಖಾ ಸಿಸ್ಟರ್, ಗದಗ (5:05)

ನಾನು ಅದನ್ನೂ ಒಪ್ಪುವುದಿಲ್ಲ ಬಸಣ್ಣ. "ಆಮೇಲೆ ಒಯ್ಯುತ್ತೇವೆ" ಅಂದವರಿಗೆ ನಿದ್ದೆ ಹತ್ತುತ್ತೆ. ಕೋಣೆಗೆ ಕೆಂಡ ಬೇಡ. ಬಿಸಿನೀರಿನ ಚೀಲ ಇದೆ, ಕರೆಂಟ್ ಇದ್ದರೆ ಹೀಟರ್ ಇದೆ. ಮಗುವಿನ ತಲೆಗೆ ಲೋಬಾನ ಹಾಕುವುದನ್ನೂ ಬಿಡಿ.

ಫೌಂಡ್ರಿ ಬಸಣ್ಣ, ಹುಬ್ಬಳ್ಳಿ (5:12)

ಹಗಲಲ್ಲಿ ಒಂದು ಚಿಟಿಕೆ ಲೋಬಾನಕ್ಕೆ ಎರಡು ಕೆಂಡ, ಬಾಗಿಲು ತೆರೆದು, ಐದು ನಿಮಿಷ. ಅದರಿಂದ ಮೊನಾಕ್ಸೈಡ್ ಅಪಾಯ ಇದೆ ಅಂತ ನನಗೆ ಅನಿಸುವುದಿಲ್ಲ. ಹೊಗೆಯಿಂದ ಮಗುವಿನ ಎದೆಗೆ ಏನಾಗುತ್ತೆ ಅನ್ನೋದು ನಿಮ್ಮ ಕ್ಷೇತ್ರ.

ಮಂಜು, ರಾಣೆಬೆನ್ನೂರು (5:30)

ನಮ್ಮ ಅಡುಗೆಮನೆಯಲ್ಲಿ ಗ್ಯಾಸ್ ಲೀಕ್ ಅಲಾರಂ ಹಾಕಿದ್ದೀವಿ. ಅದನ್ನೇ ತಂದು ಕೋಣೆಯಲ್ಲಿ ಇಟ್ಟರೆ ಆಗಲ್ವಾ?

ಫೌಂಡ್ರಿ ಬಸಣ್ಣ, ಹುಬ್ಬಳ್ಳಿ (5:48)

ಆಗಲ್ಲ. ಅದು ಎಲ್‌ಪಿಜಿ ಹುಡುಕುವ ಯಂತ್ರ. ಹೊಗೆ ಅಲಾರಂ ಕೂಡ ಬೇರೆ. ಕೊಳ್ಳುವಾಗ ಮೇಲೆ ಕಾರ್ಬನ್ ಮೊನಾಕ್ಸೈಡ್ ಅಂತಲೇ ಬರೆದಿರಬೇಕು. ಒಳಗಿನ ಸೆನ್ಸರಿಗೆ ಆಯುಷ್ಯ ಇರುತ್ತೆ, ಐದರಿಂದ ಹತ್ತು ವರ್ಷ, ಹಿಂದೆ ತಾರೀಖು ಇರುತ್ತೆ ನೋಡಿ. ಕಡಿಮೆ ಮಟ್ಟಕ್ಕೆ ಅದು ತಕ್ಷಣ ಕೂಗುವುದಿಲ್ಲ. ಅಮೆರಿಕದ ನಿಯಮದಂತೆ ಮಾಡಿದ್ದಾದರೆ 70 ಪಿಪಿಎಂಗೆ ಒಂದರಿಂದ ನಾಲ್ಕು ಗಂಟೆಯೊಳಗೆ, 400ಕ್ಕೆ 4ರಿಂದ 15 ನಿಮಿಷದೊಳಗೆ ಕೂಗಬೇಕು. ಅಲಾರಂ ಇದೆ ಅಂತ ಕೆಂಡ ಇಡೋದಕ್ಕೆ ಅಲ್ಲ ಮತ್ತೆ. ನಿಮ್ಮ ಗೀಸರಿಗೆ ಮೊದಲು ಹೊರಗೆ ಜಾಗ ಹುಡುಕಿ.

ರೇಖಾ ಸಿಸ್ಟರ್, ಗದಗ (6:15)

ಗಿರಿಜಕ್ಕ, ಎರಡು ಮಾತು. ಮಗಳು ಈಗ ಸರಿ ಹೋದರೂ ಮುಂದಿನ ಐದಾರು ವಾರ ಕಣ್ಣಿಡಿ. ಮರೆವು, ನಡಿಗೆ ತಪ್ಪುವುದು, ಸುಮ್ಮಸುಮ್ಮನೆ ಅಳು, ಸಿಟ್ಟು ಬಂದರೆ "ಬಾಣಂತಿ ಸನ್ನಿ" ಅಂತ ಬಿಡಬೇಡಿ. ಈ ವಿಷದ ಪರಿಣಾಮ ಕೆಲವರಿಗೆ ಆರಾಮಾದ ಮೇಲೆ, ವಾರಗಳ ನಂತರವೂ ಬರುತ್ತೆ. ಎಲ್ಲರಿಗೂ ಬರುವುದಿಲ್ಲ. ಡಾಕ್ಟರಿಗೆ ಕೆಂಡದ ವಿಷಯ ಮತ್ತೆ ಹೇಳಬೇಕು.

ಎರಡನೇದು, ಅದೇ ಕೋಣೆಯಲ್ಲಿ ನಿಮ್ಮ ಅವ್ವನೂ ಮಲಗಿದ್ದರಲ್ಲ? ಅವರನ್ನು ತೋರಿಸಿದಿರಾ?

ಗಿರಿಜಾ, ಧಾರವಾಡ (6:40)

ಇಲ್ಲ. ನನಗೇನೂ ಆಗಿಲ್ಲ ಅಂತ ಬರಲಿಲ್ಲ. ಅವಳಿಗೆ ಬಿಪಿ ಗುಳಿಗೆ ನಡೆದಿದೆ, ಎರಡು ವರ್ಷದ ಹಿಂದೆ ಎದೆನೋವು ಬಂದಿತ್ತು.

ರೇಖಾ ಸಿಸ್ಟರ್, ಗದಗ (6:43)

ಈಗಲೇ ಕರೆದುಕೊಂಡು ಹೋಗಿ. ರಕ್ತದ ಅಂಕಿ ಇಷ್ಟೊತ್ತಿಗೆ ಇಳಿದಿರುತ್ತೆ, ಅದು ಸಹಜ ಬಂದರೆ ಸುಮ್ಮನಾಗಬೇಡಿ. ಮೊದಲೇ ಹೃದಯದ ತೊಂದರೆ ಇದ್ದವರಿಗೆ ಕಡಿಮೆ ಮಟ್ಟದಲ್ಲೂ ಪೆಟ್ಟು ಬೀಳುತ್ತೆ. ಇಸಿಜಿ ಮಾಡಿಸಿ.

ಗಿರಿಜಾ, ಧಾರವಾಡ (7:05)

ಮೊಮ್ಮಗಳನ್ನು ನೋಡಲು ಹೋಗೋಣ ಅಂತ ಹೇಳಿ ರಿಕ್ಷಾ ಹತ್ತಿಸಿದ್ದೀನಿ. ಶೇಗಡಿಯನ್ನು ತಮ್ಮ ಅಟ್ಟಕ್ಕೆ ಹಾಕಿದ್ದಾನೆ. ಇಸಿಜಿ ಆದ ಮೇಲೆ ತಿಳಿಸ್ತೀನಿ.